ಇದ್ದತ್‌ನ ದಿನಗಳು ಮತ್ತು ಮನೆಯ ಲೆಕ್ಕ

ನಮ್ಮ ನಾಲತವಾಡ ಭಾಗದ ಊರುಗಳಲ್ಲಿ ಜನಾಝಾ ಎತ್ತುವ ಮುನ್ನ ಒಂದು ದೃಶ್ಯವನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಮಯ್ಯಿತ್‌ಗೆ ಗುಸ್ಲ್ ಮತ್ತು ಕಫನ್ ಮುಗಿದಿರುತ್ತದೆ. ಒಳಕೋಣೆಯಲ್ಲಿ ಹೆಂಡತಿ ಪ್ರಜ್ಞೆ ತಪ್ಪುವಂತೆ ಅಳುತ್ತಿರುತ್ತಾಳೆ. ಆಗ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, “ಭಾಬಿ, ಮಹರ್ ಮಾಫ್ ಮಾಡಿಬಿಡ್ರಿ, ಅವರ ಭಾರ ಇಳೀಲಿ” ಎನ್ನುತ್ತಾರೆ. ಆಕೆ ತಲೆಯಾಡಿಸುತ್ತಾಳೆ. ಹೊರಗೆ “ಮಾಫ್ ಆಯಿತು” ಎಂದು ಸುದ್ದಿಯಾಗುತ್ತದೆ. ವಿಧವೆಯಾದ ಮೊದಲ ಗಂಟೆಗಳಲ್ಲೇ ಆಕೆಯ ಮೊದಲ ಹಕ್ಕು ಹೀಗೆ ಕೈಬಿಟ್ಟು ಹೋಗುತ್ತದೆ.

ಮಹರ್ ಗಂಡನ ಮೇಲಿರುವ ಸಾಲ. ಹೆಣ್ಣು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಅದನ್ನು ಸಂತೋಷದಿಂದ ಉಣ್ಣಬಹುದೆಂದು ಸೂರಃ ಅನ್ನಿಸಾದ 4ನೇ ವಚನ ತಿಳಿಸುತ್ತದೆ. ಗಂಡನ ಶವದ ಮುಂದೆ, ನಾಲ್ಕು ಜನರ ಎದುರು, ಬೇಡವೆನ್ನಲು ಬಾಯಿಯೇ ಬಾರದ ಸ್ಥಿತಿಯಲ್ಲಿ ಆಡಿಸಿದ ಮಾತನ್ನು ಮನಃಪೂರ್ವಕವೆಂದು ಹೇಗೆ ಕರೆಯುವುದು? ಮೃತನ ಭಾರ ಇಳಿಸಲು ನಿಜವಾಗಿಯೂ ಬಯಸುವವರು ಮಾಡಬೇಕಾದ ಕೆಲಸ ಬೇರೆ ಇದೆ. ಆತನ ಸಾಲಗಳನ್ನು ಪಟ್ಟಿ ಮಾಡಿ, ಆತನ ಸೊತ್ತಿನಿಂದಲೇ ತೀರಿಸುವುದು ಆ ಕೆಲಸ. ಮಹರ್ ಆ ಪಟ್ಟಿಯಲ್ಲಿ ಸೇರಲೇಬೇಕು.

ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟೆ. ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಹೆಣ್ಣಿನ ರಕ್ಷಣೆಗಾಗಿ ಇರುವ ಅವಧಿ. ನಾವು ಅದನ್ನು ಆಕೆಯ ಹಕ್ಕುಗಳು ಸದ್ದಿಲ್ಲದೆ ಕರಗಿಹೋಗುವ ಅವಧಿಯನ್ನಾಗಿ ಮಾಡಿದ್ದೇವೆ. “ಇದ್ದತ್ ಮುಗಿಯಲಿ, ಆಮೇಲೆ ನೋಡೋಣ” ಎಂಬ ಮಾತು ಕೇಳಲು ಮರ್ಯಾದೆಯದಾಗಿದೆ. ಆದರೆ ಅಷ್ಟರಲ್ಲಿ ಖಾತೆಯ ಹಣ ಖಾಲಿಯಾಗಿರುತ್ತದೆ, ಉದ್ರಿ ವಹಿ ಕಾಣೆಯಾಗಿರುತ್ತದೆ, ಅರ್ಜಿಯ ಗಡುವು ದಾಟಿರುತ್ತದೆ.

ಮೊದಲ ಕಾಗದ

ಎಲ್ಲ ಕೆಲಸಗಳ ಬೀಗದ ಕೈ ಮರಣ ಪ್ರಮಾಣಪತ್ರ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. 21 ದಿನ ದಾಟಿ 30ರೊಳಗೆ ಹೋದರೆ ವಿಳಂಬ ಶುಲ್ಕ ಕಟ್ಟಬೇಕು. 30 ದಿನ ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ ಬೇಕಾಗುತ್ತದೆ. ವರ್ಷವೇ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು.

ನಮ್ಮವರು ಎಡವುವುದು ಎರಡು ಕಡೆ. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದು ನೋಂದಣಿಯಾಗುತ್ತದೆ. ಮನೆಯಲ್ಲಿ ತೀರಿಕೊಂಡರೆ ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಕೇಳಬೇಕು. ಬಾಗಲಕೋಟೆಗೋ ವಿಜಯಪುರಕ್ಕೋ ಸಾಗಿಸಿ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಕಾಗದ ಸಿಗುವುದು ಆ ಊರಿನಲ್ಲೇ. ಇದು ತಿಳಿಯದೆ ಊರಿನ ಕಚೇರಿಗೆ ವಾರಗಟ್ಟಲೆ ಅಲೆದವರಿದ್ದಾರೆ. ಶವವನ್ನು ಆಸ್ಪತ್ರೆಯಿಂದ ತರುವಾಗಲೇ, ನೋಂದಣಿಗೆ ಯಾವ ಹೆಸರು ಬರೆಸಲಾಗಿದೆಯೆಂದು ಮನೆಯ ಒಬ್ಬರು ನೋಡಿಕೊಂಡು ಬರಬೇಕು.

ಎರಡನೆಯದು ಆ ಹೆಸರಿನದೇ ತೊಡಕು. ಒಬ್ಬನೇ ಮನುಷ್ಯ ಆಧಾರ್‌ನಲ್ಲಿ ‘ಹುಸೇನಸಾಬ’, ಪಾಸ್‌ಬುಕ್ಕಿನಲ್ಲಿ ‘ಹುಸೇನ್’, ಹೊಲದ ಉತಾರದಲ್ಲಿ ‘ಹುಸೇನಸಾಹೇಬ’ ಆಗಿರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ. ಮರಣ ಪ್ರಮಾಣಪತ್ರದ ಹೆಸರು ಆಧಾರ್‌ನ ಅಕ್ಷರಗಳಿಗೆ ಹೊಂದುವಂತೆ ಆರಂಭದಲ್ಲೇ ಬರೆಸಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಉಳಿದ ಕಾಗದಗಳಲ್ಲಿ ವ್ಯತ್ಯಾಸವಿದ್ದರೆ, ಈ ಎಲ್ಲ ಹೆಸರುಗಳೂ ಒಬ್ಬನವೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕಾಗುತ್ತದೆ. ಪ್ರತಿ ಕಚೇರಿಯೂ ಒಂದು ಪ್ರತಿ ಕೇಳುವುದರಿಂದ ಐದಾರು ಪ್ರತಿಗಳನ್ನು ಒಮ್ಮೆಗೇ ಪಡೆಯುವುದು ಲೇಸು. ಇದರ ಜೊತೆಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಬೇಕು. ವಾರಸುದಾರರು ಯಾರೆಂದು ತೋರಿಸುವ ಕಾಗದ ಅದು. ಹೊಲವಿದ್ದರೆ ಪೌತಿ ಖಾತೆಗೂ ಅದೇ ಆಧಾರ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು, ಮದುವೆಯಾಗಿ ಹೋದವರದ್ದೂ ಸೇರಿ, ಬಿಟ್ಟುಹೋಗದಂತೆ ನೋಡಿಕೊಳ್ಳುವುದು ದೀನಿನ ಕರ್ತವ್ಯವೂ ಹೌದು.

ಇದ್ದತ್‌ನಲ್ಲಿರುವ ಹೆಣ್ಣು ಸಹಿ ಹಾಕಲು ಹೊರಗೆ ಹೋಗಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗಂಡ ತೀರಿಕೊಂಡ ಹೆಣ್ಣಿಗೆ ಅಗತ್ಯ ಕೆಲಸಕ್ಕಾಗಿ ಹಗಲಿನಲ್ಲಿ ಹೊರಗೆ ಹೋಗಿ, ರಾತ್ರಿ ತನ್ನ ಮನೆಯಲ್ಲೇ ಇರಲು ಹನಫಿ ಫಿಕ್ಹ್ ಅನುಮತಿ ನೀಡಿದೆ. ತಲಾಖ್ ಆದವಳ ಇದ್ದತ್‌ನ ಖರ್ಚು ಗಂಡನ ಮೇಲಿದೆ, ವಿಧವೆಗೆ ಆ ಆಧಾರವಿಲ್ಲ ಎಂಬುದೇ ಫಕೀಹರು ಹೇಳಿದ ಕಾರಣ. ಆದುದರಿಂದ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದು, ನಾಡಕಚೇರಿಗೆ ಹೋಗಿಬರುವುದು ಇದ್ದತ್‌ಗೆ ಭಂಗವಲ್ಲ. ಪರ್ದಾದ ನೆಪದಲ್ಲಿ ಖಾಲಿ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಹೋಗುವುದು ಮಾತ್ರ ದೊಡ್ಡ ಅಪಾಯ. ಹಾಗೆ ಸಹಿ ಮಾಡಿದ ಕಾಗದಗಳಲ್ಲಿ ಒಂದು ಹಕ್ಕು ಬಿಡುಗಡೆ ಪತ್ರವಾಗಿತ್ತೆಂದು ವರ್ಷಗಳ ನಂತರ ತಿಳಿದು ಪ್ರಯೋಜನವಿಲ್ಲ. ಇದ್ದತ್ ಮುಗಿಯುವವರೆಗೆ ಹಕ್ಕು ಪಡೆಯುವ ಅರ್ಜಿಗಳಿಗೆ ಸಹಿ ಹಾಕಬೇಕು, ಹಕ್ಕು ಬಿಡುವ ಯಾವ ಕಾಗದಕ್ಕೂ ಸಹಿ ಹಾಕಬಾರದು. ಈ ಒಂದು ನಿಯಮವನ್ನು ಮನೆಯವರೆಲ್ಲರೂ ಒಪ್ಪಿಕೊಳ್ಳಲಿ.

ಖಾತೆಯ ಹಣ ಯಾರದು?

ಗಂಡನ ಫೋನು ಮಗನ ಕೈಯಲ್ಲಿರುತ್ತದೆ, ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಮೈದುನನಿಗೆ ಗೊತ್ತಿರುತ್ತದೆ. ಬ್ಯಾಂಕಿಗೆ ತಿಳಿಯುವ ಮೊದಲೇ ಹಣ ತೆಗೆದುಕೊಂಡರೆ ಸುಲಭವೆಂದು ಅನೇಕರು ಭಾವಿಸುತ್ತಾರೆ. ಆದರೆ ಉಸಿರು ನಿಂತ ಕ್ಷಣದಿಂದ ಆ ಹಣ ಮೃತನದಲ್ಲ; ಅದು ತರಿಕಾ. ಅದರಲ್ಲಿ ಸಾಲಗಾರರ ಹಕ್ಕಿದೆ, ತಾಯಿಯ ಹಕ್ಕಿದೆ, ಹತ್ತು ವರ್ಷದ ಮಗಳ ಹಕ್ಕೂ ಇದೆ. ಸತ್ತವನ ಕಾರ್ಡಿನಿಂದ ಹಣ ತೆಗೆಯುವುದು ಬ್ಯಾಂಕಿನ ನಿಯಮಕ್ಕೂ ವಿರುದ್ಧ. ಮುಂದೆ ಇತರ ವಾರಸುದಾರರು ತಕರಾರು ಮಾಡಿದರೆ ಪಾಸ್‌ಬುಕ್ಕಿನ ದಿನಾಂಕವೇ ಸಾಕ್ಷಿ ಹೇಳುತ್ತದೆ.

ಖಾತೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿದ್ದು, ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು ನಡೆಸಬಹುದೆಂಬ ಷರತ್ತಿದ್ದರೆ ಹೆಂಡತಿ ಅದನ್ನು ಮುಂದುವರಿಸಬಹುದು. ಗಂಡನೊಬ್ಬನ ಹೆಸರಿನಲ್ಲಿದ್ದು ನಾಮಿನಿ ಇದ್ದರೆ, ನಾಮಿನಿಯು ಮರಣ ಪ್ರಮಾಣಪತ್ರ, ತನ್ನ ಗುರುತಿನ ಕಾಗದ ಮತ್ತು ಬ್ಯಾಂಕಿನ ಅರ್ಜಿ ನಮೂನೆ ಕೊಟ್ಟರೆ ಸಾಕು. ಕಾಗದಗಳು ಪೂರ್ಣವಾಗಿ ಸಂದ 15 ದಿನಗಳೊಳಗೆ ಬ್ಯಾಂಕು ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಮಿನಿ ಇರುವಾಗ ನ್ಯಾಯಾಲಯದ ವಾರಸಾ ಪ್ರಮಾಣಪತ್ರ ಕೇಳುವಂತಿಲ್ಲ. ಅರ್ಜಿ ಕೊಟ್ಟ ದಿನದ ಸ್ವೀಕೃತಿಯನ್ನು ಮಾತ್ರ ಮರೆಯದೆ ಪಡೆದುಕೊಳ್ಳಬೇಕು, ಏಕೆಂದರೆ 15 ದಿನಗಳ ಎಣಿಕೆಗೆ ಅದೇ ಆಧಾರ. ನಾಮಿನಿ ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ, ವಂಶವೃಕ್ಷ, ಬಾಂಡು ಮುಂತಾದವು ಬೇಕಾಗಿ ಕೆಲಸ ನಿಧಾನವಾಗುತ್ತದೆ.

ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ಅಣ್ಣನೋ ತಾಯಿಯೋ ನಾಮಿನಿಯಾಗಿರುತ್ತಾರೆ. ಆಮೇಲೆ ಯಾರೂ ಅದನ್ನು ಬದಲಿಸಿರುವುದಿಲ್ಲ. ಹಣ ಅಣ್ಣನ ಕೈಗೆ ಬಂದಾಗ ಅದು ತನ್ನದೆಂದೇ ಆತ ನಂಬುತ್ತಾನೆ. ಆದರೆ ನಾಮಿನಿ ಬ್ಯಾಂಕಿನಿಂದ ಹಣ ಪಡೆದು ವಾರಸುದಾರರಿಗೆ ತಲುಪಿಸುವ ಅಮಾನತುದಾರ, ಒಡೆಯನಲ್ಲ. ರಾಮಚಂದರ್ ತಲ್ವಾರ್ ಮತ್ತು ದೇವೇಂದರ್ ಕುಮಾರ್ ತಲ್ವಾರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆ ಇದನ್ನೇ ಹೇಳಿತು. ನಾಮಿನಿಯಾಗಿರುವುದು ಹೆಂಡತಿಯೇ ಆದರೂ ಮಾತು ಇದೇ. ಆಕೆ ಪೂರ್ತಿ ಹಣವನ್ನು ಪಡೆಯಬಹುದು. ಅತ್ತೆಯ ಪಾಲನ್ನು ಅತ್ತೆಗೆ ಕೊಡಬೇಕು. ಶರೀಅತ್ ಮತ್ತು ಕಾನೂನು ಎರಡೂ ಇಲ್ಲಿ ಒಂದೇ ಕಡೆ ನಿಂತಿವೆ.

ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಪತ್ನಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿ(ಸ)ರ ಬಳಿಗೆ ಬಂದ ಘಟನೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಮಕ್ಕಳ ಚಿಕ್ಕಪ್ಪ ಸೊತ್ತನ್ನೆಲ್ಲ ತೆಗೆದುಕೊಂಡಿದ್ದರು. ವಾರಸಾ ವಚನಗಳು ಅವತೀರ್ಣವಾದ ಬಳಿಕ ಪ್ರವಾದಿ(ಸ)ರು ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ತಾಯಿಗೆ ಎಂಟರಲ್ಲೊಂದು ಭಾಗ ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳಲು ಆಜ್ಞಾಪಿಸಿದರು. ಗಮನಿಸಿರಿ, ವಿಧವೆಯೊಬ್ಬಳು ತಾನೇ ಬಂದು ಲೆಕ್ಕ ಕೇಳಿದ್ದಳು. ಹಾಗೆ ಕೇಳಿದ್ದಕ್ಕೆ ಆಕೆಯನ್ನು ಯಾರೂ ನಾಚಿಕೆಗೆಟ್ಟವಳೆನ್ನಲಿಲ್ಲ.

ಒಂದು ಮನೆಯ ಲೆಕ್ಕ

ಮಾತು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ನಾಲತವಾಡ, ಮುದ್ದೇಬಿಹಾಳ, ತಾಳಿಕೋಟೆಯ ಸಂತೆಗಳಲ್ಲಿ ಬಟ್ಟೆ ಮಾರುವ ವ್ಯಾಪಾರಿಯೊಬ್ಬರು 45ನೇ ವಯಸ್ಸಿನಲ್ಲಿ ತೀರಿಕೊಂಡಿದ್ದಾರೆ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮತ್ತು ವೃದ್ಧ ತಾಯಿ ಇದ್ದಾರೆ. ಅಣ್ಣತಮ್ಮಂದಿರೂ ಇದ್ದಾರೆ.

ಮೊದಲ ವಾರದಲ್ಲೇ ಇಬ್ಬರು ನಂಬಿಕಸ್ಥರು ಕುಳಿತು ಸೊತ್ತಿನ ಪಟ್ಟಿ ಬರೆಯುತ್ತಾರೆ. ಬ್ಯಾಂಕಿನಲ್ಲಿ 86,000 ರೂಪಾಯಿ ಇದೆ. ಮನೆಯಲ್ಲಿ ಉಳಿದಿರುವ ಬಟ್ಟೆಯ ಗಂಟುಗಳಿಗೆ 1,20,000 ಬೆಲೆ ಬರುತ್ತದೆ. ಬೈಕಿಗೆ 30,000. ಉದ್ರಿ ವಹಿಯ ಪ್ರಕಾರ ಜನರಿಂದ ಬರಬೇಕಾದದ್ದು 64,000. ಒಟ್ಟು 3,00,000. ಹೆಂಡತಿಯ ಮೈಮೇಲಿನ ಬಂಗಾರ ತವರಿನಿಂದ ಬಂದದ್ದು. ಆಕೆಯದೇ ಆದ್ದರಿಂದ ಅದನ್ನು ಪಟ್ಟಿಗೆ ಸೇರಿಸಿಲ್ಲ.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ನಾಜೂಕಾದ ವಸ್ತು ಉದ್ರಿ ವಹಿ. ಸಾಲ ಕೊಟ್ಟವರು ತಾವಾಗಿ ಬಾಗಿಲಿಗೆ ಬರುತ್ತಾರೆ, ಉದ್ರಿ ಒಯ್ದವರು ಬರುವುದಿಲ್ಲ. ಆದುದರಿಂದ ವಹಿಯ ಪ್ರತಿ ಪುಟದ ಫೋಟೋ ತೆಗೆದು ಇಬ್ಬರ ಫೋನಿನಲ್ಲಿಡಬೇಕು. ಜುಮಾದ ದಿನ ಮಸೀದಿಯಲ್ಲಿ ಘೋಷಣೆ ಮಾಡಬೇಕು: ಮೃತರಿಗೆ ಕೊಡಬೇಕಾದವರು ತಂದು ಕೊಡಲಿ, ಬರಬೇಕಾದವರು ಪುರಾವೆಯೊಂದಿಗೆ ಬಂದು ಬರೆಸಲಿ. ಪುರಾವೆಯಿಲ್ಲದ ಸಾಲವನ್ನು ವಿಧವೆ ಒಬ್ಬಳೇ ಕುಳಿತು ಒಪ್ಪಿಕೊಳ್ಳಬಾರದು.

ಈಗ ಕಳೆಯುವ ಬಾಬುಗಳನ್ನು ನೋಡೋಣ. ಕಫನ್ ದಫನ್‌ಗೆ 9,000 ಖರ್ಚಾಗಿದೆ. ಸಗಟು ವ್ಯಾಪಾರಿಗೆ 30,000 ಬಾಕಿಯಿದೆ. ಗೆಳೆಯನ ಕೈಗಡ 10,000. ನಿಕಾಹ್‌ನಾಮಾದಲ್ಲಿ ಬರೆದ, ಇದುವರೆಗೆ ಕೊಡದ ಮಹರ್ 11,000. ಒಟ್ಟು 60,000. ವಸಿಯ್ಯತ್ ಏನೂ ಇಲ್ಲ. ಇದ್ದಿದ್ದರೆ ಸಾಲ ಕಳೆದು ಉಳಿದುದರ ಮೂರರಲ್ಲೊಂದು ಭಾಗದ ಮಿತಿಯೊಳಗೆ ಅದನ್ನು ಪೂರೈಸಬೇಕಿತ್ತು. ಉಳಿದ 2,40,000 ವಾರಸುದಾರರದು.

ಮಕ್ಕಳಿರುವುದರಿಂದ ತಾಯಿಗೆ ಆರರಲ್ಲೊಂದು ಭಾಗ, ಅಂದರೆ 40,000. ಹೆಂಡತಿಗೆ ಎಂಟರಲ್ಲೊಂದು, ಅಂದರೆ 30,000. ಉಳಿದ 1,70,000ದಲ್ಲಿ ಮಗನಿಗೆ 85,000, ಹೆಣ್ಣುಮಕ್ಕಳಿಗೆ ತಲಾ 42,500. ಮಗನಿರುವುದರಿಂದ ಅಣ್ಣತಮ್ಮಂದಿರಿಗೆ ಪಾಲಿಲ್ಲ. ಮಹರ್ ಸೇರಿ ಹೆಂಡತಿಯ ಕೈಗೆ 41,000 ಬರುತ್ತದೆ. ಜನಾಝಾದ ಮುಂದೆ “ಮಾಫ್” ಎನಿಸಿಬಿಟ್ಟಿದ್ದರೆ ಆಕೆಯ ಕೈಯಿಂದ ಎಷ್ಟು ಜಾರುತ್ತಿತ್ತೆಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಈ ಮನೆಯಲ್ಲಿ ಮೂರನೆಯ ದಿನ, ಹತ್ತನೆಯ ದಿನ, ನಲ್ವತ್ತನೆಯ ದಿನದ ಊಟಗಳನ್ನು ಹಾಕಿಸಿದರೆ ಆ ಖರ್ಚು ಯಾರ ಪಾಲಿನದು? ಮೂವರು ಯತೀಮ್ ಮಕ್ಕಳ ಪಾಲು ಅದರಲ್ಲಿ ಬೆಂದಿರುತ್ತದೆ. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಯಲ್ಲಿ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆಯನ್ನು ವಾರಸಾ ವಚನಗಳ ಪಕ್ಕದಲ್ಲೇ, ಸೂರಃ ಅನ್ನಿಸಾದ 10ನೇ ವಚನದಲ್ಲಿ ಇಡಲಾಗಿದೆ. ಅಪ್ರಾಪ್ತ ಮಕ್ಕಳು ತಮ್ಮ ಪಾಲಿನಿಂದ ಊಟ ಹಾಕಿಸಲು ಒಪ್ಪಿಗೆ ಕೊಡಲಾರರು. ಅವರ ಪರವಾಗಿ ತಾಯಿಯೂ ಕೊಡಲಾರಳು. ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸಲು ಪ್ರವಾದಿ(ಸ)ರು ಹೇಳಿದರು. ಸಾವಿನ ಮನೆಗೆ ಊಟ ಹೋಗಬೇಕು, ಸಾವಿನ ಮನೆಯಿಂದ ಊಟ ಬರಬಾರದು.

ಮಕ್ಕಳ ಪಾಲನ್ನು ಅವರವರ ಹೆಸರಿನ ಖಾತೆಗಳಲ್ಲಿಡುವುದು ಉತ್ತಮ. ತಾಯಿಯನ್ನು ಪಾಲಕಳನ್ನಾಗಿಟ್ಟು ಅಪ್ರಾಪ್ತರ ಖಾತೆ ತೆರೆಯಲು ಬ್ಯಾಂಕುಗಳು ಅವಕಾಶ ಕೊಡುತ್ತವೆ. ಆದರೆ ಹೊಲಮನೆಯಲ್ಲಿ ಅವರ ಪಾಲಿದ್ದರೆ ಅದನ್ನು ತಾಯಿಯಾಗಲಿ ಚಿಕ್ಕಪ್ಪನಾಗಲಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ.

ಕೇಳದಿದ್ದರೆ ಬಾರದ ಹಣ

ಪಾಸ್‌ಬುಕ್ಕನ್ನು ಮುದ್ರಿಸಿಕೊಂಡು ಬಂದಾಗ ಮೇ ಅಥವಾ ಜೂನ್ ತಿಂಗಳ ಸಾಲುಗಳನ್ನು ನೋಡಬೇಕು. ಅಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯದು. ಯಾವ ಕಾರಣದಿಂದ ಸತ್ತರೂ ನಾಮಿನಿಗೆ 2 ಲಕ್ಷ ರೂಪಾಯಿ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದಿಂದ ಸತ್ತರೆ ಮಾತ್ರ 2 ಲಕ್ಷ. ಅದಕ್ಕೆ ಪೊಲೀಸ್ ದೂರು ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕು. ಆದುದರಿಂದ ರಸ್ತೆ ಅಪಘಾತವಾದಾಗ “ಬೇಗ ದಫನ್ ಮಾಡೋಣ” ಎಂದು ದೂರನ್ನೇ ಕೊಡದಿದ್ದರೆ ಆ ಬಾಗಿಲು ಮುಚ್ಚಿದಂತೆ. ಜೀವನ್ ಜ್ಯೋತಿಯ ಅರ್ಜಿಯನ್ನು ಆದಷ್ಟು 30 ದಿನಗಳೊಳಗೆ ಆ ಖಾತೆಯಿದ್ದ ಶಾಖೆಯಲ್ಲೇ ಕೊಡಬೇಕು. ಈ ಸಾಲುಗಳನ್ನು ಯಾರೂ ನೋಡದ್ದರಿಂದಲೇ ಹಕ್ಕಿನ ಹಣ ಅನೇಕ ಮನೆಗಳಿಗೆ ಬರುವುದಿಲ್ಲ.

ವಿಮೆಯ ಹಣದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಕಟ್ಟಿದ ಮೊತ್ತಕ್ಕಿಂತ ಹೆಚ್ಚು ಬಂದದ್ದನ್ನು ಏನು ಮಾಡಬೇಕು, ವಾರಸುದಾರರು ಬಡವರಾಗಿದ್ದರೆ ಹೇಗೆ ಎಂಬುದನ್ನು ತಮ್ಮ ನಂಬಿಕೆಯ ಮುಫ್ತಿಯವರಲ್ಲಿ ಕೇಳಿಕೊಳ್ಳಲಿ. ಆದರೆ ಅರ್ಜಿಯ ಗಡುವು ಫತ್ವಾಕ್ಕಾಗಿ ಕಾಯುವುದಿಲ್ಲ. ಮೊದಲು ಅರ್ಜಿ ಕೊಟ್ಟು, ಹಣ ಬರುವ ಮೊದಲು ಕೇಳಿ ತಿಳಿಯುವುದು ವಿವೇಕ.

ಮನೆಯಲ್ಲಿ ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲವೋ ಮೈಕ್ರೋಫೈನಾನ್ಸ್ ಸಾಲವೋ ಇದ್ದರೆ ಸಾಲದ ಕಾರ್ಡನ್ನು ಯಾರಿಂದಾದರೂ ಓದಿಸಬೇಕು. ಇಂತಹ ಅನೇಕ ಸಾಲಗಳಿಗೆ ಗಂಡಹೆಂಡಿರಿಬ್ಬರ ಮೇಲೂ ವಿಮೆ ಕಡಿತವಾಗಿರುತ್ತದೆ. ಗಂಡ ತೀರಿಕೊಂಡರೆ ಉಳಿದ ಸಾಲ ಅದರಿಂದಲೇ ಚುಕ್ತಾ ಆಗುವ ಸಾಧ್ಯತೆಯಿದೆ. ಇದನ್ನು ಕೇಳದೆ ವಾರವಾರ ಕಂತು ಕಟ್ಟುತ್ತಲೇ ಹೋಗುವುದು ಅಜ್ಞಾನದ ನಷ್ಟ. ಗಂಡನ ಹೆಸರಿನಲ್ಲಿರುವ ಸಾಲ ಆತನ ಸೊತ್ತಿನಿಂದ ತೀರಬೇಕಾದದ್ದು. ಆಕೆ ಜಾಮೀನು ನಿಂತಿರದಿದ್ದರೆ ಅದು ಆಕೆಯ ಸ್ವಂತ ಸಾಲವಲ್ಲ. ಅದನ್ನು “ನಿಮ್ಮ ಹೆಸರಿಗೆ ಬದಲಾಯಿಸೋಣ” ಎಂದು ಯಾರಾದರೂ ಹೊಸ ಕಾಗದ ತಂದರೆ ಸಹಿ ಹಾಕಬಾರದು. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಆ ಹಣ ತರಿಕಾ ಅಲ್ಲ, ಸರಕಾರ ಆಕೆಗೇ ಕೊಡುವ ನೆರವು. ಅದರಲ್ಲಿ ಬೇರೆ ಯಾರಿಗೂ ಪಾಲಿಲ್ಲ.

ಹಣ ಕೈಗೆ ಬರುವವರೆಗಿನ ಎರಡು ಮೂರು ತಿಂಗಳು ಮನೆ ನಡೆಯುವುದು ಹೇಗೆ? ಇಲ್ಲಿಯೇ ಜಮಾಅತ್‌ನ ಕೆಲಸವಿದೆ. ಆಕೆ ಬಂಗಾರವನ್ನು ಬಡ್ಡಿಗೆ ಒತ್ತೆಯಿಡದಂತೆ, ಬರಲಿರುವ ತನ್ನ ಪಾಲಿನ ಮೇಲೆ ಬಡ್ಡಿಯಿಲ್ಲದ ಕರ್ಝೆ ಹಸನ ಕೊಟ್ಟು ಬರೆದಿಟ್ಟುಕೊಳ್ಳಬಹುದು. ಅಕ್ಕಿ, ಜೋಳ, ಮಕ್ಕಳ ಶಾಲೆಯ ಶುಲ್ಕ, ಮನೆ ಬಾಡಿಗೆ ಇಷ್ಟನ್ನು ತಿಂಗಳ ಲೆಕ್ಕವಾಗಿ ಬರೆದರೆ ಬೇಕಾಗುವ ಮೊತ್ತ ನಾವು ಊಹಿಸುವುದಕ್ಕಿಂತ ಚಿಕ್ಕದೇ ಇರುತ್ತದೆ. ನಲ್ವತ್ತನೆಯ ದಿನದ ಒಂದು ಊಟಕ್ಕೆ ಆಗುವ ಖರ್ಚಿನಲ್ಲಿ ಅದೆಷ್ಟು ತಿಂಗಳು ನಡೆಯುತ್ತಿತ್ತೆಂಬುದನ್ನು ಮಸೀದಿಯ ಹಿರಿಯರು ಒಮ್ಮೆ ಲೆಕ್ಕ ಹಾಕಲಿ.

ಮುಂದಿನ ಸಲ ನಮ್ಮ ಊರಿನಲ್ಲಿ ಜನಾಝಾ ಎತ್ತುವ ಮುನ್ನ ಹಿರಿಯರು ಒಳಕೋಣೆಯ ಬಾಗಿಲಿಗೆ ಹೋಗದಿರಲಿ. ಅಂಗಳದಲ್ಲಿ ನಿಂತಿರುವ ಅಣ್ಣತಮ್ಮಂದಿರ ಕಡೆಗೆ ತಿರುಗಿ, “ಭಾಬಿಯ ಮಹರ್ ಎಷ್ಟು ಬಾಕಿ ಇದೆ, ಅದನ್ನು ಸಾಲದ ಪಟ್ಟಿಯಲ್ಲಿ ಬರೆದುಕೊಳ್ಳಿ” ಎನ್ನಲಿ. ಮೃತನ ಭಾರ ನಿಜವಾಗಿ ಇಳಿಯುವುದು ಆ ಮಾತಿನಿಂದ. ಅಲ್ಲಾಹನು ನಮಗೆಲ್ಲರಿಗೂ ಹಕ್ಕುದಾರರ ಹಕ್ಕನ್ನು ತಲುಪಿಸುವ ತೌಫೀಕ್ ನೀಡಲಿ. ಆಮೀನ್.